ಒಂದು ಹಿಡಿ ಕಡ್ಲೆಬೀಜ, ಅರ್ಧ ಮುದ್ದೆ



ನಿಮ್ಮ ಹಸುವಿಗೆ ದಿನಕ್ಕೆ ಎಷ್ಟು ಪಶು ಆಹಾರ ಹಾಕುತ್ತೀರಿ ಎಂದು ಕೇಳಿದರೆ ನಮ್ಮ ಸಂಘಗಳ ಸದಸ್ಯರು ಯಾರೂ ತಡವರಿಸುವುದಿಲ್ಲ. ಮೈ ಪೋಷಣೆಗೆ ಒಂದೂವರೆಯಿಂದ ಎರಡು ಕೆ.ಜಿ., ಅದರ ಮೇಲೆ ಕೊಡುವ ಪ್ರತಿ ಲೀಟರ್ ಹಾಲಿಗೆ 400 ಗ್ರಾಂ ಎಂದು ಬಾಯಿಪಾಠ ಹೇಳಿಬಿಡುತ್ತೀರಿ. ಅದೇ ವ್ಯಕ್ತಿಯನ್ನು "ನಿನ್ನೆ ನೀವು ಎಷ್ಟು ಕಡ್ಲೆಬೀಜ ತಿಂದಿರಿ?" ಎಂದು ಕೇಳಿ ನೋಡಿ. "ಏನೋ ಒಂದು ಹಿಡಿ" ಎನ್ನುತ್ತಾರೆ. ಈ ಸಲ ನಾನು ಬರೆಯಹೊರಟಿರುವುದು ಆ ಹಿಡಿಯ ಬಗ್ಗೆ. ಪಶುವೈದ್ಯರಿಗೇಕೆ ಈ ಉಸಾಬರಿ ಎಂದುಕೊಳ್ಳಬೇಡಿ. ವಿಷಯ ಶುರುವಾದದ್ದು ಕೊಟ್ಟಿಗೆಯಲ್ಲೇ.

ಕಡ್ಲೆಕಾಯಿ ಬಿಡಿಸಿ ಮನೆಗೆ ತಂದಿದ್ದ ಕಾಲ. ಒಂದು ಊರಿನಿಂದ ಬೆಳಿಗ್ಗೆ ಎಂಟಕ್ಕೆ ಫೋನ್ ಬಂತು: ಎಚ್.ಎಫ್. ಹಸು ಮೇವು ಬಿಟ್ಟಿದೆ, ಮೆಲುಕು ಹಾಕುತ್ತಿಲ್ಲ, ಸಗಣಿ ನೀರಾಗಿ ಹುಳಿ ವಾಸನೆ ಬರುತ್ತಿದೆ ಎಂದು. ಹೋಗಿ ನೋಡಿದರೆ ಹೊಟ್ಟೆ ಆಮ್ಲತೆ. ಅನ್ನ, ಹಿಟ್ಟಿನಂಥ ಪದಾರ್ಥ ಒಮ್ಮೆಲೇ ಜಾಸ್ತಿ ಹೊಟ್ಟೆಗೆ ಹೋದರೆ ಅದು ಬೇಗ ಹುಳಿತು ಆಮ್ಲವಾಗಿ, ಮೇವು ಅರಗಿಸುವ ಸೂಕ್ಷ್ಮಜೀವಿಗಳೇ ಸಾಯುತ್ತವೆ. ಯಾರು ಏನು ಹಾಕಿದಿರಿ ಎಂದು ಕೇಳಿದೆ. ಯಜಮಾನರು ಮಾಮೂಲಿ ಪಶು ಆಹಾರ ಮಾತ್ರ ಎಂದರು. ಸೊಸೆ ಹಿಂದಿನ ದಿನದ ದೇವರ ಕಾರ್ಯದಲ್ಲಿ ಮಿಕ್ಕ ಅನ್ನ "ಸ್ವಲ್ಪ" ಹಾಕಿದ್ದಳು. ಅಜ್ಜಿ ರಾಗಿ ಅಂಬಲಿ "ಸ್ವಲ್ಪ" ಕುಡಿಸಿದ್ದರು. ಮೊಮ್ಮಗ ಇನ್ನಷ್ಟು ಅನ್ನವನ್ನು ಬಕೆಟ್‌ನಲ್ಲಿ ತಂದು ಸುರಿದಿದ್ದ. ಯಾರೊಬ್ಬರೂ ಜಾಸ್ತಿ ಹಾಕಿರಲಿಲ್ಲ. ಆದರೆ ಒಬ್ಬರು ಹಾಕಿದ್ದು ಇನ್ನೊಬ್ಬರಿಗೆ ಗೊತ್ತಿರಲಿಲ್ಲ, ಬೋಗುಣಿ ಬೋಗುಣಿ ಸೇರಿ ನಾಲ್ಕೈದು ಕೆ.ಜಿ. ಆಗಿತ್ತು.

ಹಸುವಿಗೆ ಚಿಕಿತ್ಸೆ ಕೊಟ್ಟು ಕೈ ತೊಳೆದು ಜಗಲಿಯಲ್ಲಿ ಕೂತಾಗ ಮನೆಯಾಕೆ ತಟ್ಟೆ ತುಂಬ ಹುರಿದ ಕಡ್ಲೆಬೀಜ ತಂದಿಟ್ಟರು. ಇಟ್ಟವರು ಹಾಗೇ ಗಂಡನ ಮೇಲೆ ದೂರು ಹೇಳಿದರು.

"ಡಾಕ್ಟ್ರಮ್ಮ, ಇವ್ರಿಗೆ ಸಕ್ಕರೆ ಕಾಯಿಲೆ ಅಂದು ಎರಡು ವರ್ಷ ಆಯ್ತು. ತೂಕ ಇಳಿಸಿ ಅಂದ್ರು ದೊಡ್ಡಾಸ್ಪತ್ರೇಲಿ. ಮಧ್ಯಾಹ್ನ ಎರಡು ಮುದ್ದೆ ಉಣ್ಣೋರು ಒಂದಕ್ಕೆ ಇಳಿಸಿದ್ರು, ರಾತ್ರೀನೂ ಒಂದೇ. ಟೀಗೆ ಸಕ್ಕರೆ ಇಲ್ಲ. ಆರು ತಿಂಗಳಾಯ್ತು, ಒಂದು ಕೆ.ಜಿ. ಇಳೀಲಿಲ್ಲ ನೋಡಿ."

ಯಜಮಾನರು ನಗುತ್ತಾ ತಟ್ಟೆಗೆ ಕೈ ಹಾಕಿದರು. ನನ್ನ ಕಣ್ಣು ಆ ಕೈ ಮೇಲೇ ಹೋಯಿತು. ಈಗಷ್ಟೇ ಕೊಟ್ಟಿಗೆಯಲ್ಲಿ ಕೇಳಿದ್ದ ಪ್ರಶ್ನೆಯನ್ನೇ ಇಲ್ಲೂ ಕೇಳಬೇಕು ಅನ್ನಿಸಿತು.

ಖನಿಜ ಮಿಶ್ರಣ ಎಷ್ಟು ಹಾಕಬೇಕೆಂದು ತೂಗಿ ತೋರಿಸಲು ನನ್ನ ಬ್ಯಾಗಿನಲ್ಲಿ ಅಂಗೈ ಅಗಲದ ಒಂದು ತೂಕದ ಯಂತ್ರ ಇರುತ್ತದೆ. ಅದನ್ನು ತೆಗೆದು ಮೇಲೊಂದು ಬಟ್ಟಲಿಟ್ಟೆ. ಯಜಮಾನರ ಹಿಡಿ ತುಂಬ ಬಂದದ್ದು 45 ಗ್ರಾಂ. ಮನೆಯಾಕೆಯದು 31. ನನ್ನದು 28. ಪುಸ್ತಕಗಳಲ್ಲಿ "ಒಂದು ಹಿಡಿ" ಎಂದು ಬರೆಯುವಾಗ ಸಾಮಾನ್ಯವಾಗಿ ಲೆಕ್ಕ ಹಿಡಿಯುವುದು 30 ಗ್ರಾಂ. ನಮ್ಮ ಕಡೆ ಬೆಳೆಯುವ ಟಿ.ಎಂ.ವಿ.-2ರಂಥ ಸಣ್ಣ ಬೀಜದ ತಳಿಯಾದರೆ ಅದು ಸುಮಾರು 80ರಿಂದ 90 ಕಾಳು. ಮಣ್ಣು ಕೆಲಸ ಮಾಡಿದ ಕೈಯ ಹಿಡಿ ಇದರ ಒಂದೂವರೆಪಟ್ಟು ಆಗುತ್ತದೆ. ಮೊದಲ ತಪ್ಪು ಲೆಕ್ಕ ಇಲ್ಲೇ.

ಅವರ ಮಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದವನು ಹಬ್ಬಕ್ಕೆಂದು ಬಂದಿದ್ದ. ಜಿಮ್‌ಗೆ ಹೋಗುವ ಹುಡುಗ. "ಮೇಡಂ, ಇದರ ಮ್ಯಾಕ್ರೋಸ್ ಎಷ್ಟಾಗುತ್ತೆ?" ಎಂದ. ಅಪ್ಪನಿಗೆ ಆ ಪದ ಹೊಸದು, ವಿಷಯ ಹೊಸದಲ್ಲ. ಪಶು ಆಹಾರದ ಮೂಟೆಯ ಮೇಲೆ ಪ್ರೋಟೀನ್ ಇಷ್ಟು, ಕೊಬ್ಬು ಇಷ್ಟು, ನಾರು ಇಷ್ಟು ಎಂದು ಅಚ್ಚು ಹಾಕಿರುತ್ತಾರಲ್ಲ, ಮನುಷ್ಯರ ಊಟಕ್ಕೆ ಅದನ್ನೇ ಈ ಹುಡುಗರು ಮ್ಯಾಕ್ರೋ ಎನ್ನುತ್ತಾರೆ. ಶಕ್ತಿ ಕೊಡುವ ಮೂರು ಅಂಶಗಳು: ಪ್ರೋಟೀನು, ಕೊಬ್ಬು, ಪಿಷ್ಟ ಮತ್ತು ಸಕ್ಕರೆ.

ಮೂರೂ ಒಂದೇ ಸಮ ಶಕ್ತಿ ಕೊಡುವುದಿಲ್ಲ ಎಂಬುದೇ ಇಲ್ಲಿ ತಿಳಿಯಬೇಕಾದ ಸಂಗತಿ. ಒಂದು ಗ್ರಾಂ ಪ್ರೋಟೀನಿನಿಂದ 4 ಕ್ಯಾಲೊರಿ, ಒಂದು ಗ್ರಾಂ ಪಿಷ್ಟ ಅಥವಾ ಸಕ್ಕರೆಯಿಂದಲೂ 4, ಆದರೆ ಒಂದು ಗ್ರಾಂ ಕೊಬ್ಬಿನಿಂದ 9. (ಪ್ಯಾಕೆಟ್ಟಿನ ಮೇಲೆ ಕಿಲೋ ಕ್ಯಾಲೊರಿ ಎಂದಿದ್ದರೂ ಆಡುಮಾತಿನ ಕ್ಯಾಲೊರಿ ಅದೇ.) ನಾವು ಕಾಲೇಜಿನಲ್ಲಿ ಹಸುವಿನ ಮೇವಿನಲ್ಲಿರುವ ಒಟ್ಟು ಜೀರ್ಣವಾಗುವ ಪೋಷಕಾಂಶ ಲೆಕ್ಕ ಹಾಕುವಾಗ ಕೊಬ್ಬನ್ನು ಮಾತ್ರ 2.25ರಿಂದ ಗುಣಿಸಿ ಕೂಡುತ್ತಿದ್ದೆವು. ಒಂಬತ್ತನ್ನು ನಾಲ್ಕರಿಂದ ಭಾಗಿಸಿದರೆ ಬರುವುದು ಅದೇ 2.25. ಹಸುವಿಗೂ ಮನುಷ್ಯನಿಗೂ ಒಂದೇ ಗಣಿತ.

ಈಗ ಕಡ್ಲೆಬೀಜಕ್ಕೆ ಬನ್ನಿ. ಹುರಿದ ಬೀಜ 100 ಗ್ರಾಂ ತೆಗೆದುಕೊಂಡರೆ ಸುಮಾರು 25 ಗ್ರಾಂ ಪ್ರೋಟೀನು, 46 ಗ್ರಾಂ ಕೊಬ್ಬು, 15 ಗ್ರಾಂ ಪಿಷ್ಟ-ಸಕ್ಕರೆ, ಉಳಿದದ್ದು ನಾರು ಇತ್ಯಾದಿ. ತಳಿ, ಮಳೆ ನೋಡಿಕೊಂಡು ಸ್ವಲ್ಪ ಆಚೀಚೆ ಆಗುತ್ತದೆ. ಅಂದರೆ ತೂಕದ ಅರ್ಧದ ಹತ್ತಿರ ಎಣ್ಣೆಯೇ. ಗಾಣಕ್ಕೆ ಹಾಕುವವರಿಗೆ ಇದನ್ನು ನಾನು ಹೇಳಬೇಕಿಲ್ಲ. ಗಾಣದಲ್ಲಿ ಎಣ್ಣೆ ಹೋಗಿ ಉಳಿದ ಹಿಂಡಿಯಲ್ಲಿ ಪ್ರೋಟೀನು 40ಕ್ಕೂ ಮೇಲೆ ಏರುತ್ತದೆ, ಅದು ಹಸುವಿನ ಪಾಲು. ನಾವು ತಿನ್ನುವುದು ಎಣ್ಣೆ ಸಮೇತದ ಕಾಳು.

30 ಗ್ರಾಂ ಹಿಡಿಗೆ ಲೆಕ್ಕ ಇಳಿಸಿದರೆ ಪ್ರೋಟೀನು ಏಳೂವರೆ ಗ್ರಾಂ, ಕೊಬ್ಬು 14, ಪಿಷ್ಟ-ಸಕ್ಕರೆ ನಾಲ್ಕೂವರೆ. ಎಲ್ಲ ಸೇರಿ ಸುಮಾರು 170 ಕ್ಯಾಲೊರಿ, ಅದರಲ್ಲಿ ಮುಕ್ಕಾಲು ಭಾಗದಷ್ಟು ಬಂದದ್ದು ಎಣ್ಣೆಯಿಂದ. ಒಂದು ಮುದ್ದೆಗೆ ನೂರು ಗ್ರಾಂ ರಾಗಿ ಹಿಟ್ಟು ಹಿಡಿಯಿತು ಎಂದುಕೊಂಡರೆ ಸುಮಾರು 320 ಕ್ಯಾಲೊರಿ. ಹಾಗಾಗಿ ಒಂದು ಸಾಮಾನ್ಯ ಹಿಡಿ ಕಡ್ಲೆಬೀಜ ಎಂದರೆ ಅರ್ಧ ಮುದ್ದೆ. ಯಜಮಾನರ ಹಿಡಿಯಾದರೆ ಸುಮಾರು 260 ಕ್ಯಾಲೊರಿ, ಮುಕ್ಕಾಲು ಮುದ್ದೆಗೂ ಚೂರು ಮೇಲೆ. ಮುದ್ದೆ ಹಿಟ್ಟು ನೀರಲ್ಲಿ ಬೆಂದು ಊದಿ ಹೊಟ್ಟೆಯಲ್ಲಿ ಜಾಗ ಹಿಡಿಯುತ್ತದೆ, ಜೊತೆಗೆ ಸಾರು, ಸೊಪ್ಪು ಹೋಗುತ್ತದೆ. ಹುರಿದ ಬೀಜಕ್ಕೆ ಅಷ್ಟು ಜಾಗವೇ ಬೇಡ. ಮಾತಾಡುತ್ತಾ ಮೂರು ನಿಮಿಷದಲ್ಲಿ ಖಾಲಿ, ಊಟ ಮಾಡಿದೆ ಎಂಬ ನೆನಪೂ ಉಳಿಯುವುದಿಲ್ಲ.

ಕಡ್ಲೆ ಮಿಠಾಯಿ, ಅಂದರೆ ಚಿಕ್ಕಿಯ ಕಥೆ ಬೇರೆ. ಅಂಗಡಿಯಲ್ಲಿ ಸಿಗುವ ಚಿಕ್ಕಿಯಲ್ಲಿ ಹೆಚ್ಚೂಕಡಿಮೆ ಅರ್ಧ ಬೀಜ, ಅರ್ಧ ಬೆಲ್ಲ ಇರುತ್ತದೆ. ಕೆಲವರು ಬೆಲ್ಲದ ಜೊತೆ ದ್ರವ ಗ್ಲೂಕೋಸನ್ನೂ ಹಾಕುತ್ತಾರೆ. 25 ಗ್ರಾಂ ತೂಗುವ ಒಂದು ತುಂಡಿನಲ್ಲಿ ಪ್ರೋಟೀನು ಮೂರು ಗ್ರಾಂ, ಕೊಬ್ಬು ಆರು ಗ್ರಾಂ, ಪಿಷ್ಟ-ಸಕ್ಕರೆ 13 ಗ್ರಾಂ, ಒಟ್ಟು ಸುಮಾರು 120 ಕ್ಯಾಲೊರಿ. ಬೀಜಕ್ಕಿಂತ ಕ್ಯಾಲೊರಿ ಕಡಿಮೆ ಎಂದು ಕಾಣುತ್ತದೆ, ಆದರೆ ತುಂಡು ಚಿಕ್ಕದು. ಜೊತೆಗೆ ಪ್ರೋಟೀನು ಅರ್ಧಕ್ಕಿಳಿದು ಆ ಜಾಗಕ್ಕೆ ಸಕ್ಕರೆ ಬಂತು. "ಸಕ್ಕರೆ ಅಲ್ಲ ಮೇಡಂ, ಬೆಲ್ಲ" ಎಂದರು ಯಜಮಾನರು. ಇದು ಎಲ್ಲ ಊರಲ್ಲೂ ಕೇಳುವ ಮಾತು. ನೂರು ಗ್ರಾಂ ಬೆಲ್ಲದಲ್ಲಿ 85 ಗ್ರಾಂಗೂ ಹೆಚ್ಚು ಸಕ್ಕರೆಯೇ ಇರುತ್ತದೆ. ಸ್ವಲ್ಪ ಖನಿಜ, ಸ್ವಲ್ಪ ನೀರು, ಆ ಬಣ್ಣ, ಆ ರುಚಿ ಇವಿಷ್ಟೇ ವ್ಯತ್ಯಾಸ. ರಕ್ತಕ್ಕೆ ಸೇರುವಾಗ ಅದು ಕಬ್ಬಿನ ಗದ್ದೆಯಿಂದ ಆಲೆಮನೆಗೆ ಹೋಯಿತೋ ಕಾರ್ಖಾನೆಗೆ ಹೋಯಿತೋ ಮೈಗೆ ಗೊತ್ತಾಗುವುದಿಲ್ಲ. ಬರೀ ಕಡ್ಲೆಬೀಜ ರಕ್ತದ ಸಕ್ಕರೆಯನ್ನು ಅಷ್ಟಾಗಿ ಏರಿಸುವುದಿಲ್ಲ, ಅದರಲ್ಲಿ ಪಿಷ್ಟವೇ ಕಡಿಮೆ. ಚಿಕ್ಕಿ ಏರಿಸುತ್ತದೆ. ಸಕ್ಕರೆ ಕಾಯಿಲೆ ಇರುವವರು ಇವೆರಡನ್ನೂ ಒಂದೇ ಎಂದು ತಿಳಿಯಬಾರದು.

ನಂತರ ಯಜಮಾನರನ್ನು ಕೂರಿಸಿಕೊಂಡು ನಿನ್ನೆಯ ದಿನವನ್ನು ಬೆಳಿಗ್ಗೆಯಿಂದ ಬರೆದೆವು. ಮೊದಲು "ಊಟ ಬಿಟ್ಟರೆ ಏನೂ ತಿನ್ನಲ್ಲ" ಎಂದವರು ಅವರು. ಬೆಳಿಗ್ಗೆ ಡೇರಿಗೆ ಹಾಲು ಹಾಕಿದ ಮೇಲೆ ಪಕ್ಕದ ಅಂಗಡಿಯಲ್ಲಿ ಸಕ್ಕರೆ ಇಲ್ಲದ ಟೀ, ಅದರ ಜೊತೆ ಒಂದು ಚಿಕ್ಕಿ. ಹನ್ನೊಂದಕ್ಕೆ ಹೊಲದಲ್ಲಿ ಜೇಬಿನಿಂದ ಬೀಜ. ನಾಲ್ಕು ಗಂಟೆಗೆ ಹಸು ಬಿಚ್ಚುವ ಮುಂಚೆ ಡಬ್ಬದಿಂದ ಬೀಜ. ಸಂಜೆ ಹಾಲು ಹಾಕಿ ಇನ್ನೊಂದು ಚಿಕ್ಕಿ, ಅದೂ ಟೀಗೆ ಸಕ್ಕರೆ ಇಲ್ಲವಲ್ಲ ಎಂಬ ಸಮಾಧಾನಕ್ಕೆ. ರಾತ್ರಿ ಟಿ.ವಿ. ಮುಂದೆ ಮತ್ತೆ ಬೀಜ. ಹೆಂಡತಿ ಡಬ್ಬವನ್ನೂ ಅವರ ಜೇಬನ್ನೂ ನೋಡಿದ್ದರಿಂದ ಅಂದಾಜು ಪಕ್ಕಾ ಆಯಿತು. ಮೂರು ಸಲದ ಬೀಜ ಸೇರಿ 120 ಗ್ರಾಂ, ಚಿಕ್ಕಿ ಎರಡು.

120 ಗ್ರಾಂ ಬೀಜಕ್ಕೆ 690 ಕ್ಯಾಲೊರಿ. ಎರಡು ಚಿಕ್ಕಿಗೆ 240. ಒಟ್ಟು 930. ಹೆಚ್ಚು ಮೈಬಗ್ಗಿಸದ ಗಂಡಸಿಗೆ ದಿನವೆಲ್ಲ ಬೇಕಾಗುವುದು ಸುಮಾರು 2100 ಕ್ಯಾಲೊರಿ. ಹೊಲದ ಕೆಲಸ ಮಾಡುವವರಿಗೆ ಅದಕ್ಕಿಂತ ಜಾಸ್ತಿ ಬೇಕು ನಿಜ. ಆದರೆ ಈ ಮನೆಯಲ್ಲಿ ಹಾಲು ಕರೆಯುವ ಯಂತ್ರ ಬಂದು ಎರಡು ವರ್ಷ, ಮೇವು ಕತ್ತರಿಸುವ ಯಂತ್ರ ಬಂದು ನಾಲ್ಕು ವರ್ಷ, ಹೊಲಕ್ಕೂ ಡೇರಿಗೂ ಬೈಕು. ಯಂತ್ರ ಬಂದದ್ದು ಒಳ್ಳೆಯದೇ, ಸೊಂಟ ಉಳಿಯಿತು. ಆದರೆ ಕೈಯಲ್ಲಿ ಕರೆಯುತ್ತಿದ್ದ ಕಾಲದ ತಿನ್ನುವ ಅಭ್ಯಾಸ ಹಾಗೇ ಉಳಿದಿದೆ.

ಮುದ್ದೆ ಇಳಿಸುವ ಮುಂಚೆ ಎಷ್ಟು ತಿನ್ನುತ್ತಿದ್ದಿರಿ ಎಂದು ಕೇಳಿದೆ. ಆಗ ಸಂಜೆ ಒಂದು ಹಿಡಿ ಬೀಜ ಮಾತ್ರ, ಅಂದರೆ 260 ಕ್ಯಾಲೊರಿ. ಮುದ್ದೆ ಕಡಿಮೆ ಮಾಡಿದ ಮೇಲೆ ಹನ್ನೊಂದಕ್ಕೆ, ನಾಲ್ಕಕ್ಕೆ ಹೊಟ್ಟೆ ಕೂಗಿದೆ, ಕೈಗೆ ಸಿಕ್ಕಿದ್ದು ಬೀಜ, ಚಿಕ್ಕಿ. ಕಾಗದದ ಮೇಲೆ ಪಕ್ಕಪಕ್ಕ ಬರೆದು ತೋರಿಸಿದೆ. ದಿನಕ್ಕೆ ಎರಡು ಮುದ್ದೆ ಬಿಟ್ಟಿದ್ದರಿಂದ ಕಳೆದದ್ದು 640. ಚಿಲ್ಲರೆ ತಿನಿಸು 260ರಿಂದ 930ಕ್ಕೆ ಏರಿ ಸೇರಿದ್ದು 670. ತೂಕ ಎಲ್ಲಿಂದ ಇಳಿಯಬೇಕು? ಮನುಷ್ಯ ಆರು ತಿಂಗಳು ಆಸೆ ಕಟ್ಟಿಕೊಂಡು ಅರೆಹೊಟ್ಟೆಯಲ್ಲಿ ಊಟದಿಂದ ಎದ್ದಿದ್ದಾರೆ, ಕಷ್ಟವೆಲ್ಲ ಲೆಕ್ಕಕ್ಕೆ ಸಿಗದ ಜೇಬಿನಲ್ಲಿ ಸೋರಿ ಹೋಗಿದೆ. ಅವರು ಕಾಗದವನ್ನು ಬಹಳ ಹೊತ್ತು ನೋಡಿದರು. "ಹಸುಗೆ ಮೂರು ಜನ ಹಾಕಿದ್ರು, ನಂಗೆ ನಾನೇ ಮೂರು ಜನ" ಎಂದರು.

ಇಲ್ಲಿ ಒಂದು ಮಾತನ್ನು ನಾನು ಬಿಟ್ಟರೆ ಲೆಕ್ಕ ಪೂರ್ತಿ ಸರಿಯಾಗುವುದಿಲ್ಲ. ಮುಸುಕಿನ ಜೋಳವನ್ನು ಒಡೆಯದೆ ಇಡಿಯಾಗಿ ಹಾಕಿದರೆ ಕೆಲವು ಕಾಳು ಹಾಗೇ ಸಗಣಿಯಲ್ಲಿ ಕಾಣುವುದನ್ನು ನೀವೆಲ್ಲ ನೋಡಿದ್ದೀರಿ. ಕಡ್ಲೆಬೀಜದಲ್ಲೂ ಸ್ವಲ್ಪ ಹಾಗೇ ಆಗುತ್ತದೆ. ಸರಿಯಾಗಿ ಅಗಿಯದ ತುಣುಕಿನ ಒಳಗಿನ ಎಣ್ಣೆ ಪೂರ್ತಿ ಮೈಗೆ ಹತ್ತುವುದಿಲ್ಲ. ಹಾಗಾಗಿ ಇಡೀ ಬೀಜದಿಂದ ನಿಜಕ್ಕೂ ಸಿಗುವ ಶಕ್ತಿ ಕಾಗದದ ಲೆಕ್ಕಕ್ಕಿಂತ ತುಸು ಕಡಿಮೆ ಇರಬಹುದು. ಆದರೆ ಪುಡಿ ಮಾಡಿ ಚಟ್ನಿಯಾಗಿ, ಉಂಡೆಯಾಗಿ ತಿಂದರೆ ಈ ರಿಯಾಯಿತಿ ಇಲ್ಲ. ಚಿಕ್ಕಿಯ ಬೆಲ್ಲಕ್ಕಂತೂ ಯಾವ ರಿಯಾಯಿತಿಯೂ ಇಲ್ಲ.

ಪ್ರೋಟೀನು ಬೇಕಲ್ಲ ಎಂದು ಮಗ ವಾದಕ್ಕೆ ಬಂದ. ಹೌದು, ಕಡ್ಲೆಬೀಜದಲ್ಲಿ ಪ್ರೋಟೀನು ಚೆನ್ನಾಗಿದೆ. ಆದರೆ ಅದೊಂದರಿಂದಲೇ 30 ಗ್ರಾಂ ಪ್ರೋಟೀನು ಪಡೆಯಹೋದರೆ ಅಪ್ಪ ತಿಂದ ಹಾಗೆ 120 ಗ್ರಾಂ ತಿನ್ನಬೇಕು, ಜೊತೆಯಲ್ಲಿ 55 ಗ್ರಾಂ ಎಣ್ಣೆ ಒಳಗೆ ಹೋಗುತ್ತದೆ. ಬೇಯಿಸಿದ ಒಂದು ಮೊಟ್ಟೆಯಲ್ಲಿ ಆರು ಗ್ರಾಂ ಪ್ರೋಟೀನು, ಸುಮಾರು 75 ಕ್ಯಾಲೊರಿ. ಒಂದು ಲೋಟ, ಅಂದರೆ 200 ಮಿ.ಲೀ. ಹಸುವಿನ ಹಾಲಿನಲ್ಲಿ ಆರೂವರೆ ಗ್ರಾಂ ಪ್ರೋಟೀನು, ಸುಮಾರು 125 ಕ್ಯಾಲೊರಿ. ಒಕ್ಕೂಟದ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆಂದು ಹಾಲನ್ನು ಎತ್ತಿ ಕಟ್ಟುತ್ತಿಲ್ಲ, ಹಾಲನ್ನೂ ದಿನಕ್ಕೆ ಎಂಟು ಲೋಟ ಕುಡಿದರೆ ಅದೇ ಕಥೆ. ಒಂದು ಹಿಡಿಗೆ ಕಡ್ಲೆಬೀಜದಷ್ಟು ಒಳ್ಳೆ ತಿನಿಸು ನನಗೆ ಗೊತ್ತಿಲ್ಲ. ತೊಂದರೆ ಎರಡನೇ ಹಿಡಿಯಿಂದ ಶುರು.

ಕೊನೆಗೆ ಏನು ಮಾಡುವುದೆಂದು ಮನೆಯಾಕೆ ಕೇಳಿದರು. ಹಸುವಿಗೆ ಹೇಳಿದ್ದನ್ನೇ ಹೇಳಿದೆ: ಹಾಕುವವರು ಒಬ್ಬರೇ ಇರಲಿ, ಅಳೆದು ಹಾಕಲಿ. ತೂಕದ ಯಂತ್ರದಲ್ಲಿ 30 ಗ್ರಾಂ ಬೀಜ ತೂಗಿ, ಮನೆಯಲ್ಲಿದ್ದ ಒಂದು ಚಿಕ್ಕ ಸ್ಟೀಲ್ ಬಟ್ಟಲಿಗೆ ಹಾಕಿ, ಅದು ಎಲ್ಲಿಯವರೆಗೆ ಬರುತ್ತದೆಂದು ಗುರುತು ಮಾಡಿದೆವು. ಬೆಳಿಗ್ಗೆ ಅಷ್ಟನ್ನು ಬಟ್ಟಲಿಗೆ ಹಾಕಿದರೆ ಆ ದಿನದ ಪಾಲು ಮುಗಿಯಿತು, ಡಬ್ಬ ಅಟ್ಟಕ್ಕೆ. ಸಿಪ್ಪೆ ಸಹಿತದ ಕಾಯಿ ಇದ್ದರೆ ಇನ್ನೂ ವಾಸಿ. 43-45 ಗ್ರಾಂ ಕಾಯಿ ಬಿಡಿಸಿದರೆ 30 ಗ್ರಾಂ ಬೀಜ ಬರುತ್ತದೆ, ಬಿಡಿಸುವ ಹೊತ್ತಿಗೆ ತಿನ್ನುವ ವೇಗ ತಾನಾಗೇ ಇಳಿಯುತ್ತದೆ, ಮುಂದೆ ಬಿದ್ದ ಸಿಪ್ಪೆ ರಾಶಿ ಎಷ್ಟು ತಿಂದಿರಿ ಎಂಬುದಕ್ಕೆ ಸಾಕ್ಷಿ. ಕಾಯಿ ಬಿಡಿಸುವಾಗ ಬೂಸ್ಟು ಹಿಡಿದದ್ದು, ಸುಕ್ಕಾಗಿ ಬಣ್ಣ ಕೆಟ್ಟದ್ದು, ಬಾಯಿಗೆ ಕಹಿ ಬಂದದ್ದು ಉಗಿಯಬೇಕು. ಅದರಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಇರಬಹುದು, ಹುರಿದರೆ ಅದು ಪೂರ್ತಿ ಹೋಗುವುದಿಲ್ಲ. ಆ ಕಾಳನ್ನು ಹಸುವಿಗೂ ಹಾಕಬೇಡಿ, ಹಾಲಿಗೆ ಇಳಿಯುತ್ತದೆ.

ಹಸಿವಿನ ವಿಷಯ ಉಳಿಯಿತು. ಮಧ್ಯಾಹ್ನದ ಮುದ್ದೆಯನ್ನು ಒಂದೂವರೆ ಮಾಡಿ, ಸೊಪ್ಪಿನ ಸಾರು, ಮೊಳಕೆ ಕಾಳು ಜಾಸ್ತಿ ಹಾಕಿಕೊಳ್ಳಿ ಎಂದೆ. ಮನೆಯಾಕೆಗೆ ಇದು ವಿಚಿತ್ರ ಅನ್ನಿಸಿತು. ಆದರೆ ಅರ್ಧ ಮುದ್ದೆ ಸೇರಿಸಿ 160 ಕ್ಯಾಲೊರಿ ಕೊಟ್ಟು, ನಾಲ್ಕು ಗಂಟೆಯ 260ರ ಹಿಡಿಯನ್ನೂ ಸಂಜೆಯ ಚಿಕ್ಕಿಯನ್ನೂ ತಪ್ಪಿಸಿದರೆ ಲಾಭವೇ. ಅದಕ್ಕೂ ಮೊದಲು ಆಸ್ಪತ್ರೆಯ ವೈದ್ಯರಿಗೆ ತೋರಿಸಿ ಎಂದು ಒತ್ತಿ ಹೇಳಿದೆ. ಸಕ್ಕರೆ ಇಳಿಸುವ ಮಾತ್ರೆ ತಿನ್ನುವವರು ಇದ್ದಕ್ಕಿದ್ದಂತೆ ತಿನಿಸು ಬಿಟ್ಟರೆ ಸಕ್ಕರೆ ತೀರಾ ಕೆಳಗಿಳಿದು ಬೆವರು, ನಡುಕ, ತಲೆಸುತ್ತು ಬರುವುದುಂಟು. ಮಾತ್ರೆಯ ಅಳತೆ ಬದಲಾಗಬೇಕೋ ಬೇಡವೋ ಎಂಬುದನ್ನು ಅವರೇ ಹೇಳಬೇಕು, ನಾನಲ್ಲ.

ಅಂಗಡಿಯ ಚಿಕ್ಕಿ ಪ್ಯಾಕೆಟ್ಟು ಕೊಳ್ಳುವವರಿಗೆ ಒಂದು ಸೂಚನೆ. ಹಿಂಬದಿಯ ಅಂಕಿಗಳು ಸಾಮಾನ್ಯವಾಗಿ 100 ಗ್ರಾಂಗೆ ಬರೆದಿರುತ್ತವೆ. ಪ್ಯಾಕೆಟ್ಟಿನ ಒಟ್ಟು ತೂಕ ಎಷ್ಟು, ಒಳಗೆ ಎಷ್ಟು ತುಂಡು ಎಂದು ನೋಡಿ ಭಾಗಿಸಿಕೊಳ್ಳಿ. ಪದಾರ್ಥಗಳ ಪಟ್ಟಿಯಲ್ಲಿ ಯಾವುದು ಹೆಚ್ಚಿದೆಯೋ ಅದು ಮೊದಲು ಬರುತ್ತದೆ. ಬೆಲ್ಲವೋ ಸಕ್ಕರೆಯೋ ಮೊದಲಿದ್ದರೆ ನೀವು ಕೊಳ್ಳುತ್ತಿರುವುದು ಬೀಜ ಅಂಟಿಸಿದ ಬೆಲ್ಲ.

ಇಷ್ಟು ಹೇಳಿದ ಮೇಲೆ ನನ್ನ ಬೈಕಿನ ಡಬ್ಬಿಯನ್ನೂ ನೋಡಿಕೊಂಡೆ. ತುರ್ತು ಕರೆ ಬಂದು ಊಟ ತಪ್ಪಿದರೆ ಇರಲಿ ಎಂದು ಇಟ್ಟಿದ್ದ ಚಿಕ್ಕಿ ಪ್ಯಾಕೆಟ್ಟು. ಸೋಮವಾರ ತೆಗೆದದ್ದು, ಹತ್ತು ತುಂಡು, ಬುಧವಾರಕ್ಕೆ ಉಳಿದದ್ದು ಒಂದು. ಆ ಮೂರು ದಿನವೂ ನನ್ನ ಊಟ ತಪ್ಪಿರಲಿಲ್ಲ. ಮನೆಮನೆಯಲ್ಲಿ ಇಟ್ಟ ಬೀಜದ ಲೆಕ್ಕ ಬೇರೆ. ಈಗ ಹೋದ ಕಡೆ ತಟ್ಟೆ ಬಂದರೆ ಮೊದಲ ಮನೆಯಲ್ಲಿ ಒಂದು ಹಿಡಿ ತೆಗೆದುಕೊಳ್ಳುತ್ತೇನೆ, ಮುಂದಿನ ಮನೆಯಲ್ಲಿ ಮಜ್ಜಿಗೆ ಕೇಳುತ್ತೇನೆ. ಬೇಸರ ಮಾಡಿಕೊಂಡವರು ಇಲ್ಲಿಯವರೆಗೆ ಒಬ್ಬ ಅಜ್ಜಿ ಮಾತ್ರ.

ಆ ಹಸು ಮೂರನೇ ದಿನಕ್ಕೆ ಮೆಲುಕು ಹಾಕಿತು. ಮೂರು ತಿಂಗಳ ಮೇಲೆ ಲಸಿಕೆ ಹಾಕಲು ಅದೇ ಊರಿಗೆ ಹೋಗಿದ್ದಾಗ ಯಜಮಾನರು ಸಂಘದ ಕಟ್ಟಡದಲ್ಲಿ ಪಶು ಆಹಾರದ ಮೂಟೆ ತೂಗುವ ಯಂತ್ರದ ಮೇಲೆ ಚಪ್ಪಲಿ ಬಿಟ್ಟು ನಿಂತಿದ್ದರು. ಕಾರ್ಯದರ್ಶಿ ಓದಿ ಹೇಳಿದರು: 78. ಮೊದಲು 81 ಇತ್ತಂತೆ. ರಕ್ತದ ಸಕ್ಕರೆ ಎಷ್ಟಾಗಿದೆ ಎಂದು ನೋಡಲು ಮುಂದಿನ ವಾರ ಆಸ್ಪತ್ರೆಗೆ ಹೋಗುವವರಿದ್ದರು. ಸಂಜೆಯ ಚಿಕ್ಕಿ ಬಿಟ್ಟಾಗಿದೆ, ಬೆಳಗಿನದು ಇನ್ನೂ ವಾರಕ್ಕೆರಡು ಸಲ ನಡೆಯುತ್ತಿದೆ ಎಂದು ಅಂಗಡಿಯವನು ಹೇಳಿದ.